ದೃಢಪಟ್ಟ ಖರೀದಿ ಆದೇಶವನ್ನು ಕೊಳ್ಳುವವರು ರದ್ದುಪಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಆದೇಶ ಕೊಟ್ಟು, ಮುಂಗಡ ಕಟ್ಟಿ, ಮಾರಾಟಗಾರರಿಂದ ದೃಢೀಕರಣವನ್ನೂ ಪಡೆದ ಮೇಲೆ ಆ ಸರಕು ಬೇಡವಾಗುವ ಸಂದರ್ಭ ಸಣ್ಣ ಉದ್ದಿಮೆದಾರರಿಗೆ ಬರುತ್ತದೆ. ಆಗ ಬಹಳ ಮಂದಿ ಒಂದೇ ಬಗೆಯಲ್ಲಿ ಎಡವುತ್ತಾರೆ. ಕ್ಷಮೆ ಕೇಳಿ ಉದ್ದನೆಯ ಪತ್ರ ಬರೆಯಲು ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಮಾರಾಟಗಾರರ ಯಂತ್ರ ಓಡುತ್ತಲೇ ಇರುತ್ತದೆ. ಕೊನೆಗೆ ಪತ್ರದಲ್ಲಿ ‘ಆದೇಶವನ್ನು ರದ್ದುಪಡಿಸಿದ್ದೇವೆ, ಆಗುವ ಖರ್ಚನ್ನೆಲ್ಲ ಭರಿಸುತ್ತೇವೆ’ ಎಂದು ಬರೆದು ಎರಡು ತಪ್ಪುಗಳನ್ನು ಒಂದೇ ವಾಕ್ಯದಲ್ಲಿ ಮಾಡುತ್ತಾರೆ. ಮೊದಲನೆಯದು, ದೃಢಪಟ್ಟ ಆದೇಶವು ಇಬ್ಬರ ನಡುವಿನ ಕರಾರಾದ್ದರಿಂದ ಅದನ್ನು ಒಬ್ಬರೇ ರದ್ದುಪಡಿಸಲು ಬರುವುದಿಲ್ಲ. ಎರಡನೆಯದು, ಮಿತಿಯಿಲ್ಲದ ಭರವಸೆಯನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಈ ಬರಹದಲ್ಲಿ ಲೆಕ್ಕ ತಿಳಿಯಾಗಲೆಂದು ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಇಟ್ಟುಕೊಂಡಿದ್ದೇನೆ. ಧಾರವಾಡದಲ್ಲಿ ಚಟ್ನಿಪುಡಿ ತಯಾರಿಸುವ ಒಂದು ಸಣ್ಣ ಘಟಕವು ಬೆಂಗಳೂರಿನ ಪೀಣ್ಯದ ಮುದ್ರಣ ಘಟಕವೊಂದಕ್ಕೆ 60,000 ಮುದ್ರಿತ ಪೌಚುಗಳ ಆದೇಶ ಕೊಟ್ಟಿದೆ ಎಂದುಕೊಳ್ಳೋಣ. ಒಂದು ಪೌಚಿಗೆ ₹4.20ರಂತೆ ₹2,52,000, ಆರು ಬಣ್ಣಗಳ ಆರು ಮುದ್ರಣ ಸಿಲಿಂಡರುಗಳಿಗೆ ತಲಾ ₹5,500ರಂತೆ ₹33,000, ಒಟ್ಟು ತೆರಿಗೆ ಬಿಟ್ಟು ₹2,85,000. ಮುಂಗಡ ₹1,00,000. ಆದೇಶ ದೃಢಪಟ್ಟದ್ದು ಜೂನ್ 2ರಂದು, ಸರಕು ತಲುಪಬೇಕಾದದ್ದು ಜೂನ್ 28ರಂದು. ಜೂನ್ 9ರಂದು, ಈ ಚಟ್ನಿಪುಡಿಯನ್ನು ಕೊಳ್ಳಬೇಕಿದ್ದ ಅಂಗಡಿಗಳ ಸಂಸ್ಥೆಯು ತನ್ನ ಬೇಡಿಕೆಯನ್ನು ಹಿಂದಕ್ಕೆ ಪಡೆಯಿತು. ಮುದ್ರಿತ ಪೌಚನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ: ಕೊಳ್ಳುವವರ ಹೆಸರು ಅಚ್ಚಾದ ಸರಕನ್ನು ಬೇರೆ ಯಾರಿಗೂ ಮಾರಲಾಗದು, ಆದ್ದರಿಂದ ‘ಸಮಂಜಸ ಖರ್ಚು’ ಎಂದರೆ ಎಷ್ಟು ಎಂಬ ಪ್ರಶ್ನೆ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಎದುರಾಗುತ್ತದೆ.

## ಹಂತ 1: ಆದೇಶ ನಿಜವಾಗಿಯೂ ದೃಢಪಟ್ಟಿದೆಯೇ ಎಂದು ನೋಡಿ

ಮೊದಲು ಮೇಜಿನ ಮೇಲೆ ಇರಬೇಕಾದ ಕಾಗದಗಳು ಐದು: ದರಪಟ್ಟಿ, ನೀವು ಕಳುಹಿಸಿದ ಖರೀದಿ ಆದೇಶ, ಮಾರಾಟಗಾರರ ದೃಢೀಕರಣ, ಮುಂಗಡ ಕಟ್ಟಿದ ರಸೀತಿ, ಮತ್ತು ವಿನ್ಯಾಸಕ್ಕೆ ನೀವು ಕೊಟ್ಟ ಒಪ್ಪಿಗೆಯ ಸಂದೇಶ. ಇವುಗಳನ್ನು ಒಟ್ಟುಮಾಡಲು ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಬಾರದು.

ಮಾರಾಟಗಾರರು ನಿಮ್ಮ ಆದೇಶವನ್ನು ಒಪ್ಪಿದ್ದಾಗಿ ಇನ್ನೂ ತಿಳಿಸಿಲ್ಲದಿದ್ದರೆ ಸ್ಥಿತಿಯೇ ಬೇರೆ. ಭಾರತೀಯ ಕರಾರು ಕಾಯ್ದೆ, 1872ರ 5ನೇ ಕಲಮಿನ ಪ್ರಕಾರ ಒಪ್ಪಿಗೆಯು ರವಾನೆಯಾಗುವ ಮೊದಲು ಪ್ರಸ್ತಾವವನ್ನು ಹಿಂದಕ್ಕೆ ಪಡೆಯಬಹುದು. ಆಗ ಎರಡು ಸಾಲಿನ ಪತ್ರವೇ ಸಾಕು, ಖರ್ಚಿನ ಮಾತು ಏಳುವುದಿಲ್ಲ. ಒಪ್ಪಿಗೆ ಬಂದಿದ್ದರೆ, ಅಥವಾ ಮುಂಗಡ ಪಡೆದು ಕೆಲಸ ಆರಂಭಿಸಿದ್ದರೆ, ಕರಾರು ಆಗಿದೆ ಎಂದೇ ತಿಳಿದು ಮುಂದುವರಿಯಬೇಕು.

ಆದೇಶದ ಹಿಂಬದಿಯಲ್ಲಿ ಅಥವಾ ದರಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ಷರತ್ತುಗಳನ್ನು ಈಗಲೇ ಓದಿ. ರದ್ದತಿಯ ಬಗ್ಗೆ ಷರತ್ತು ಇದೆಯೇ, ಇದ್ದರೆ ಎಷ್ಟು ದಿನಗಳೊಳಗೆ ಯಾವ ರೀತಿಯಲ್ಲಿ ತಿಳಿಸಬೇಕು ಎಂದಿದೆ, ಮುಂಗಡದ ಬಗ್ಗೆ ಏನು ಹೇಳಿದೆ ಎಂಬ ಮೂರನ್ನೂ ಬರೆದಿಟ್ಟುಕೊಳ್ಳಿ. ಷರತ್ತು ಇದ್ದರೆ ಮುಂದಿನ ಹಂತಗಳೆಲ್ಲ ಅದಕ್ಕೆ ತಕ್ಕಂತೆ ನಡೆಯಬೇಕು. ನಮ್ಮ ಉದಾಹರಣೆಯಲ್ಲಿ ರದ್ದತಿಯ ಷರತ್ತು ಇಲ್ಲ.

## ಹಂತ 2: ಪತ್ರಕ್ಕಿಂತ ಮೊದಲು ಕೆಲಸ ನಿಲ್ಲಿಸಲು ಕೋರಿ

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಹಣ ಉಳಿಸುವ ಹೆಜ್ಜೆ ಇದು, ಬಹುತೇಕರು ಬಿಟ್ಟುಬಿಡುವ ಹೆಜ್ಜೆಯೂ ಇದೇ. ಮುದ್ರಿತ ಪೌಚಿನ ಕೆಲಸ ಹೀಗೆ ಸಾಗುತ್ತದೆ: ವಿನ್ಯಾಸಕ್ಕೆ ಒಪ್ಪಿಗೆ, ಸಿಲಿಂಡರಿನ ಮೇಲೆ ಕೆತ್ತನೆ, ಫಿಲ್ಮ್ ಖರೀದಿ, ಅದನ್ನು ಈ ಕೆಲಸದ ಅಗಲಕ್ಕೆ ಸೀಳುವುದು, ಮುದ್ರಣ, ಪದರಗಳನ್ನು ಅಂಟಿಸುವ ಲ್ಯಾಮಿನೇಷನ್, ಅಂಟು ಗಟ್ಟಿಯಾಗಲು ಬೆಚ್ಚನೆಯ ಕೋಣೆಯಲ್ಲಿ ಇಡುವುದು, ಮತ್ತೆ ಪೌಚಿನ ಅಳತೆಗೆ ಸೀಳುವುದು, ಕೊನೆಗೆ ಪೌಚ್ ಮಾಡುವುದು. ಮುದ್ರಣಕ್ಕೆ ಮುಂಚೆ, ಸೀಳದ ಫಿಲ್ಮ್ ಯಾರ ಕೆಲಸಕ್ಕಾದರೂ ಆಗುತ್ತದೆ; ಮುದ್ರಣವಾದ ಮರುಗಳಿಗೆ ಅದು ಗುಜರಿಯ ಬೆಲೆಗೆ ಇಳಿಯುತ್ತದೆ. ಮುದ್ರಣ ಯಂತ್ರಕ್ಕೆ ಈ ಇಡೀ ಆದೇಶ ಒಂದು ದಿನದ ಕೆಲಸವೂ ಅಲ್ಲ. ಆದ್ದರಿಂದ ನೀವು ಪತ್ರವನ್ನು ತಿದ್ದುತ್ತಾ ಕುಳಿತ ಒಂದೇ ಮಧ್ಯಾಹ್ನದಲ್ಲಿ ನಿಮ್ಮ ಹೊಣೆ ಹತ್ತಾರು ಸಾವಿರ ಏರಬಹುದು.

ಮೊದಲು ದೂರವಾಣಿಯಲ್ಲಿ ಮಾತನಾಡಿ, ಕೂಡಲೇ ಅದನ್ನೇ ಇಮೇಲ್‌ನಲ್ಲಿ ಬರೆದು ಕಳುಹಿಸಿ, ಅದರ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಹಾಕಿ. ಮಾರಾಟ ಪ್ರತಿನಿಧಿಗೆ ಮಾತ್ರ ತಿಳಿಸಿದರೆ ಸಾಲದು. ಅವರು ಪ್ರಯಾಣದಲ್ಲಿರಬಹುದು, ಯಂತ್ರ ಓಡಿಸುವವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ರೋಲು ಹೊರಬಂದಿರಬಹುದು. ದೃಢೀಕರಣಕ್ಕೆ ಸಹಿ ಮಾಡಿದವರ ಇಮೇಲಿಗೇ ಹೋಗಬೇಕು. ಸಂದೇಶ ಇಷ್ಟೇ ಇರಲಿ:

> ಮಾನ್ಯರೆ, ನಮ್ಮ ಖರೀದಿ ಆದೇಶ ಸಂಖ್ಯೆ 47ಕ್ಕೆ ಸಂಬಂಧಿಸಿದ ಎಲ್ಲ ಕೆಲಸವನ್ನು ದಯವಿಟ್ಟು ಈ ಸಂದೇಶ ತಲುಪಿದ ಕ್ಷಣದಿಂದ ತಡೆಹಿಡಿಯಬೇಕೆಂದು ಕೋರುತ್ತೇವೆ. ತಡೆಹಿಡಿದ ದಿನಗಳಷ್ಟು ಸರಕು ತಲುಪಿಸುವ ದಿನಾಂಕ ಮುಂದಕ್ಕೆ ಹೋಗಲು ನಮ್ಮ ಒಪ್ಪಿಗೆ ಇದೆ. ಈ ಹೊತ್ತಿಗೆ ಕೆಲಸ ಯಾವ ಹಂತದಲ್ಲಿದೆ ಎಂಬುದನ್ನು ನಾಳೆ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ. ವಿವರವಾದ ಪತ್ರವನ್ನು ಎರಡು ದಿನಗಳಲ್ಲಿ ಕಳುಹಿಸುತ್ತೇವೆ.

ಇಲ್ಲಿ ‘ರದ್ದು’ ಎಂಬ ಪದವಿಲ್ಲ. ಕರಾರು ಕಾಯ್ದೆಯ 39ನೇ ಕಲಮಿನ ಪ್ರಕಾರ, ಒಂದು ಪಕ್ಷದವರು ಕರಾರನ್ನು ಪೂರ್ತಿಯಾಗಿ ನೆರವೇರಿಸಲು ನಿರಾಕರಿಸಿದರೆ ಇನ್ನೊಂದು ಪಕ್ಷದವರು ಕರಾರನ್ನು ಅಲ್ಲಿಗೇ ಮುಗಿಸಿ ನಷ್ಟ ಪರಿಹಾರ ಕೇಳಬಹುದು. ‘ನಮಗೆ ಬೇಡ, ರದ್ದು ಮಾಡಿದ್ದೇವೆ’ ಎಂದು ಅವಸರದಲ್ಲಿ ಬರೆದ ಒಂದು ವಾಟ್ಸಾಪ್ ಸಾಲು ಅಂಥ ನಿರಾಕರಣೆಯಾಗಿ ನಿಲ್ಲಬಲ್ಲದು. ತಡೆಹಿಡಿಯುವ ಕೋರಿಕೆ ಹಾಗಲ್ಲ. ತಡವನ್ನು ನೀವೇ ಒಪ್ಪಿಕೊಂಡಿರುವುದರಿಂದ, ನಿಲ್ಲಿಸುವುದರಿಂದ ಮಾರಾಟಗಾರರಿಗೆ ವಿಳಂಬದ ದೂರು ಬಾರದು. ಅವರು ನಿಲ್ಲಿಸಲು ಹಿಂಜರಿಯುವ ಮುಖ್ಯ ಕಾರಣವೇ ಆ ಭಯ.

## ಹಂತ 3: ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ

ಕೆಲಸದ ಸ್ಥಿತಿ ತಿಳಿಯದೆ ಖರ್ಚು ಭರಿಸುವ ಮಾತನ್ನು ಎತ್ತಬಾರದು. ನೀವು ‘ಖರ್ಚು ಕೊಡುತ್ತೇವೆ’ ಎಂದ ಮೇಲೆ ಸ್ಥಿತಿ ಕೇಳಿದರೆ, ಮೊತ್ತಕ್ಕೆ ತಕ್ಕ ಸ್ಥಿತಿಯನ್ನು ಹೊಂದಿಸಿ ಹೇಳುವ ಆಸೆ ಯಾರಿಗಾದರೂ ಬಂದೀತು. ಸ್ಥಿತಿ ಮೊದಲು, ಮಾತು ಆಮೇಲೆ.

ನಿರ್ದಿಷ್ಟವಾಗಿ ನಾಲ್ಕನ್ನು ಕೇಳಿ: ಸಿಲಿಂಡರುಗಳ ಕೆತ್ತನೆ ಮುಗಿದಿದೆಯೇ, ಈ ಆದೇಶಕ್ಕೆಂದೇ ಯಾವ ಫಿಲ್ಮನ್ನು ಎಷ್ಟು ತರಿಸಲಾಗಿದೆ, ಅದರಲ್ಲಿ ಎಷ್ಟನ್ನು ಅಳತೆಗೆ ಸೀಳಲಾಗಿದೆ, ಮುದ್ರಣ ಆರಂಭವಾಗಿದೆಯೇ. ಜೊತೆಗೆ ಮೊಬೈಲಿನಲ್ಲಿ ತೆಗೆದ ಎರಡು ಮೂರು ಚಿತ್ರಗಳನ್ನು ಕಳುಹಿಸಲು ವಿನಯದಿಂದ ಕೇಳಬಹುದು. ಮುದ್ರಣ ವ್ಯವಹಾರದಲ್ಲಿ ಅದು ಅಸಾಮಾನ್ಯ ಕೋರಿಕೆಯಲ್ಲ, ಪ್ರೂಫ್ ಚಿತ್ರಗಳು ಹೇಗೂ ಓಡಾಡುತ್ತಿರುತ್ತವೆ.

ನಮ್ಮ ಉದಾಹರಣೆಯಲ್ಲಿ ಜೂನ್ 10ರ ಸಂಜೆ ಬಂದ ಉತ್ತರ ಹೀಗಿದೆ: ಆರೂ ಸಿಲಿಂಡರುಗಳ ಕೆತ್ತನೆ ಮುಗಿದಿದೆ, ಪ್ರೂಫ್ ತೆಗೆಯಲಾಗಿದೆ, ₹62,000ದ ಫಿಲ್ಮ್ ಬಂದಿದೆ, ಅದರಲ್ಲಿ ಸ್ವಲ್ಪ ಭಾಗವನ್ನು ಸೀಳಲಾಗಿದೆ, ಮುದ್ರಣವನ್ನು ತಡೆಹಿಡಿಯಲಾಗಿದೆ.

ಸಂದೇಶ ಹೋದ ಒಂದೇ ಗಂಟೆಯಲ್ಲಿ ‘ಎಲ್ಲವೂ ಮುದ್ರಣವಾಗಿಹೋಗಿದೆ’ ಎಂಬ ಉತ್ತರ ಬಂದು, ಚಿತ್ರ ಕೇಳಿದಾಗ ಮೌನವಾದರೆ ಅದು ಎಚ್ಚರಿಕೆಯ ಗುರುತು. ಆಗ ಯಾರಾದರೊಬ್ಬರು ಘಟಕಕ್ಕೆ ಹೋಗಿ ನೋಡಿ ಬರುವುದೇ ಒಳ್ಳೆಯದು. ಧಾರವಾಡದಿಂದ ರಾತ್ರಿ ಬಸ್ಸಿನ ಖರ್ಚು ಮುಂದಿನ ವಿವಾದಕ್ಕಿಂತ ಬಹಳ ಕಡಿಮೆ.

## ಹಂತ 4: ಪೂರ್ತಿ ರದ್ದೇ ಬೇಕೇ ಎಂದು ಒಮ್ಮೆ ಲೆಕ್ಕ ಹಾಕಿ

ಪ್ರಮಾಣ ಕಡಿಮೆ ಮಾಡಿಸುವುದು ಅಥವಾ ಮೂರು ತಿಂಗಳು ಮುಂದೂಡುವುದು ಸಾಧ್ಯವಿದ್ದರೆ ಮಾರಾಟಗಾರರು ಸುಲಭವಾಗಿ ಒಪ್ಪುತ್ತಾರೆ. ಆದರೆ ಪ್ರಮಾಣ ಇಳಿದರೆ ಪೌಚಿನ ದರ ಏರುತ್ತದೆ, ಏಕೆಂದರೆ ಯಂತ್ರ ಸಿದ್ಧಪಡಿಸುವಾಗ ಹಾಳಾಗುವ ಫಿಲ್ಮಿನ ಖರ್ಚು ಪ್ರಮಾಣ ಚಿಕ್ಕದಾದರೂ ಅಷ್ಟೇ ಇರುತ್ತದೆ. ಸರಕು ಖಂಡಿತವಾಗಿ ಬೇಡವಾಗಿದ್ದರೆ ಮುಂದೂಡಿಕೆಯನ್ನು ಕೇಳಬೇಡಿ. ಮೂರು ತಿಂಗಳು ಗೋದಾಮಿನಲ್ಲಿ ಫಿಲ್ಮ್ ಇಡಿಸಿ ಆಮೇಲೆ ರದ್ದು ಕೋರುವುದು ಅವರ ನಷ್ಟವನ್ನೂ ನಿಮ್ಮ ಹೊಣೆಯನ್ನೂ ಬೆಳೆಸುತ್ತದೆ.

## ಹಂತ 5: ಕಾರಣವನ್ನು ಬರೆಯುವುದು

ಕಾರಣ ಒಂದೇ ಇರಲಿ, ನಿಜವಾದದ್ದಿರಲಿ, ದಿನಾಂಕದೊಂದಿಗೆ ಇರಲಿ. ‘ಅನಿವಾರ್ಯ ಕಾರಣಗಳಿಂದ’ ಎಂಬ ಪದಗುಚ್ಛ ನಮ್ಮ ಪತ್ರಗಳಲ್ಲಿ ಎಲ್ಲೆಲ್ಲೂ ಕಾಣಿಸುತ್ತದೆ. ಅದನ್ನು ಓದಿದ ಮಾರಾಟಗಾರರು ನಿಮಗೆ ಬೇರೆಡೆ ಕಡಿಮೆ ದರ ಸಿಕ್ಕಿದೆ ಎಂದೇ ತಿಳಿಯುತ್ತಾರೆ, ಆಮೇಲೆ ಒಂದು ರೂಪಾಯಿಯೂ ಬಿಟ್ಟುಕೊಡುವುದಿಲ್ಲ.

ಇದಕ್ಕಿಂತ ಹಾನಿಕರವಾದ ತಪ್ಪು ಇನ್ನೊಂದಿದೆ. ತಮ್ಮ ಕಡೆಯ ಕಾರಣವನ್ನು ಹೇಳಲು ಸಂಕೋಚವಾಗಿ, ಮಾರಾಟಗಾರರ ಮೇಲೆ ಸಣ್ಣ ದೋಷ ಹೊರಿಸುವುದು: ಪ್ರೂಫಿನ ಬಣ್ಣ ಸರಿಯಿಲ್ಲ, ಉತ್ತರ ತಡವಾಗಿ ಬಂತು, ಹೀಗೆ. ಅವರ ತಪ್ಪು ನಿಜವಾಗಿದ್ದರೆ ಅದು ಬೇರೆ ವಿಷಯ, ಅಲ್ಲಿ ಖರ್ಚು ಭರಿಸುವ ಪ್ರಶ್ನೆಯೇ ಬಾರದೆ ಇರಬಹುದು. ಅದಕ್ಕೆ ಬೇರೆಯೇ ಪತ್ರ ಬೇಕು. ತಪ್ಪಿಲ್ಲದೆ ಹೊರಿಸಿದರೆ, ಒಂದೇ ಪತ್ರದಲ್ಲಿ ದೂರೂ ಪರಿಹಾರದ ಮಾತೂ ಸೇರಿ ಒಂದನ್ನೊಂದು ಕೆಡಿಸುತ್ತವೆ. ತಪ್ಪು ಅವರದಾದರೆ ನೀವೇಕೆ ಖರ್ಚು ಕೊಡುತ್ತೀರಿ ಎಂದು ಓದಿದವರು ಕೇಳುತ್ತಾರೆ, ಅದಕ್ಕೆ ಉತ್ತರವಿರುವುದಿಲ್ಲ.

ಸಾಕ್ಷಿಯಾಗಿ ಮೂಲ ಗ್ರಾಹಕರು ಹಿಂದೆ ಸರಿದ ಪತ್ರದ ಪ್ರತಿಯನ್ನು ಲಗತ್ತಿಸಬಹುದು, ಆದರೆ ಅದರಲ್ಲಿರುವ ದರ ಮತ್ತು ಲಾಭದ ಅಂಕಿಗಳನ್ನು ಮುಚ್ಚಿ. ಒಂದನ್ನು ಮಾತ್ರ ತಿಳಿದಿರಬೇಕು: ನಿಮ್ಮ ಗ್ರಾಹಕರು ಹಿಂದೆ ಸರಿದದ್ದು ನಿಮ್ಮನ್ನು ಕರಾರಿನಿಂದ ಬಿಡಿಸುವುದಿಲ್ಲ. ಕಾರಣ ಹೇಳುವುದು ಮಾರಾಟಗಾರರ ಸಮ್ಮತಿ ಪಡೆಯಲು, ಹೊಣೆ ಕಳಚಿಕೊಳ್ಳಲು ಅಲ್ಲ. ಆದ್ದರಿಂದ ಎರಡು ವಾಕ್ಯ ಸಾಕು.

## ಹಂತ 6: ಭರಿಸುವ ಖರ್ಚಿಗೆ ಎಲ್ಲೆ ಹಾಕುವುದು

ಕರಾರು ಕಾಯ್ದೆಯ 73ನೇ ಕಲಂ, ಕರಾರು ಮುರಿದುದರಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಕೊಡಬೇಕೆನ್ನುತ್ತದೆ. ದೂರದ, ಪರೋಕ್ಷ ನಷ್ಟಕ್ಕೆ ಅಲ್ಲ. ಅದೇ ಕಲಮಿನ ವಿವರಣೆಯ ಪ್ರಕಾರ, ನಷ್ಟವನ್ನು ಎಣಿಸುವಾಗ ಅದನ್ನು ತಗ್ಗಿಸಲು ಇದ್ದ ದಾರಿಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಈ ಎರಡು ಮಾತುಗಳಿಂದಲೇ ಸಮಂಜಸ ಖರ್ಚಿನ ಎಲ್ಲೆ ಹುಟ್ಟುತ್ತದೆ: ಈ ಆದೇಶಕ್ಕೆಂದೇ, ತಡೆಹಿಡಿಯುವ ಸಂದೇಶ ತಲುಪುವ ಮೊದಲು, ನಿಜವಾಗಿ ಆದ ವೆಚ್ಚ, ಅದರಿಂದ ಮರುಬಳಕೆಯಾಗುವ ಅಥವಾ ಮಾರಬಹುದಾದ ವಸ್ತುಗಳ ಬೆಲೆಯನ್ನು ಕಳೆಯಬೇಕು.

ಇಲ್ಲಿ ಒಂದು ಕಹಿ ಮಾತನ್ನು ಹೇಳಲೇಬೇಕು. ಮಾರಾಟಗಾರರು ತಪ್ಪಿಹೋದ ಲಾಭವನ್ನು ಕೇಳುವುದು ದುರಾಸೆ ಎಂದು ಅನೇಕ ಕೊಳ್ಳುವವರು ಭಾವಿಸುತ್ತಾರೆ. ಹಾಗಲ್ಲ. ಸರಕನ್ನು ಸ್ವೀಕರಿಸಲು ಒಪ್ಪದ ಕೊಳ್ಳುವವರಿಂದ ಪರಿಹಾರ ಕೇಳುವ ಹಕ್ಕನ್ನು ಸರಕು ಮಾರಾಟ ಕಾಯ್ದೆ, 1930ರ 56ನೇ ಕಲಂ ಕೊಡುತ್ತದೆ, ಮತ್ತು ಬೇರೆಯವರಿಗೆ ಮಾರಲಾಗದ ಸರಕಿನಲ್ಲಿ ಕಳೆದುಹೋದ ಲಾಭವೂ ನಷ್ಟದ ಭಾಗವೆಂದು ಅವರು ವಾದಿಸಬಲ್ಲರು. ನೀವು ವೆಚ್ಚವನ್ನು ಮಾತ್ರ ಭರಿಸಿ ಬಿಡಿಸಿಕೊಳ್ಳುವುದಾದರೆ ಅದು ಅವರು ತೋರಿದ ರಿಯಾಯಿತಿ. ಇದನ್ನು ಒಳಗೊಳಗೇ ಒಪ್ಪಿಕೊಂಡವರ ಪತ್ರದ ದನಿಯೇ ಬೇರೆಯಾಗಿರುತ್ತದೆ, ಅಂಥ ಪತ್ರಕ್ಕೆ ಉತ್ತರವೂ ಬೇಗ ಬರುತ್ತದೆ.

ಮುಂಗಡವನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳಬಹುದೇ ಎಂಬ ಪ್ರಶ್ನೆಗೆ, ಆ ಹಣವನ್ನು ಯಾವ ಹೆಸರಿನಲ್ಲಿ ಕೊಟ್ಟಿದ್ದೀರಿ ಎಂಬುದು ಮುಖ್ಯ. ನಮ್ಮಲ್ಲಿ ಸಂಚಕಾರ ಎನ್ನುವುದು ವ್ಯವಹಾರವನ್ನು ನಡೆಸಿಕೊಡುವುದಕ್ಕೆ ಖಾತರಿಯಾಗಿ ಕೊಡುವ ಹಣ. ಮುಂಗಡ ಎನ್ನುವುದು ಬೆಲೆಯದೇ ಒಂದು ಭಾಗ. 1963ರ ಫತೇಹ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದದ್ದು ಒಂದು ಸ್ಥಿರಾಸ್ತಿಯ ಮಾರಾಟ. ಅಲ್ಲಿ ಸಂಚಕಾರವಾಗಿ ಕೊಟ್ಟ ₹1,000ವನ್ನು ಇಟ್ಟುಕೊಳ್ಳಲು ನ್ಯಾಯಾಲಯ ಒಪ್ಪಿತು, ಬೆಲೆಯ ಭಾಗವಾಗಿ ಕೊಟ್ಟ ₹24,000ವನ್ನು ಮುಟ್ಟುಗೋಲು ಹಾಕುವ ಷರತ್ತನ್ನು ದಂಡದ ಸ್ವರೂಪದ್ದೆಂದು ಕಂಡು, ಕರಾರು ಕಾಯ್ದೆಯ 74ನೇ ಕಲಮಿನ ಅಡಿಯಲ್ಲಿ ಸಮಂಜಸ ಪರಿಹಾರಕ್ಕಷ್ಟೇ ಅವಕಾಶವಿದೆ ಎಂದಿತು. ನಿಮ್ಮ ರಸೀತಿಯಲ್ಲಿ ‘ಮುಂಗಡ’ ಎಂದಿದೆಯೇ, ‘ಸಂಚಕಾರ’ ಅಥವಾ ‘ಬಯಾನಾ’ ಎಂದಿದೆಯೇ ಎಂದು ನೋಡಲು ಹೇಳುವುದು ಇದಕ್ಕೇ.

## ಹಂತ 7: ಪತ್ರ

ಪತ್ರ ಒಂದು ಪುಟ ಮೀರಬಾರದು. ಕ್ರಮ ಹೀಗಿರಲಿ: ಆದೇಶದ ಗುರುತು, ಕೋರಿಕೆ, ಕಾರಣ, ಭರಿಸುವ ಖರ್ಚು ಮತ್ತು ಅದರ ಎಲ್ಲೆ, ದಾಖಲೆಗಳ ಕೋರಿಕೆ, ಉತ್ತರಕ್ಕೆ ದಿನಾಂಕ. ಕ್ಷಮೆಯ ಮಾತು ಒಂದೇ ಸಲ ಬರಲಿ. ನಮ್ಮ ಉದಾಹರಣೆಯ ಪತ್ರ ಇದು:

> ದಿನಾಂಕ: ಜೂನ್ 11
>
> ವಿಷಯ: ಖರೀದಿ ಆದೇಶ ಸಂಖ್ಯೆ 47ನ್ನು ಪರಸ್ಪರ ಸಮ್ಮತಿಯಿಂದ ರದ್ದುಪಡಿಸಲು ಕೋರಿಕೆ
>
> ಮಾನ್ಯರೆ,
>
> ಮೇಲ್ಕಂಡ ಆದೇಶದ ಮೂಲಕ ನಾವು 60,000 ಮುದ್ರಿತ ಪೌಚುಗಳನ್ನು ಮತ್ತು ಆರು ಸಿಲಿಂಡರುಗಳನ್ನು ಕೋರಿದ್ದು, ತಾವು ಅದನ್ನು ಜೂನ್ 2ರಂದು ದೃಢೀಕರಿಸಿದ್ದೀರಿ. ಮುಂಗಡವಾಗಿ ₹1,00,000 ಪಾವತಿಸಿದ್ದೇವೆ. ಜೂನ್ 9ರ ನಮ್ಮ ಕೋರಿಕೆಯಂತೆ ಕೆಲಸವನ್ನು ತಡೆಹಿಡಿದು, ಜೂನ್ 10ರಂದು ಸ್ಥಿತಿಯ ವಿವರ ಕಳುಹಿಸಿದ್ದಕ್ಕೆ ಕೃತಜ್ಞರಾಗಿದ್ದೇವೆ.
>
> ಈ ಪೌಚುಗಳಲ್ಲಿ ತುಂಬಬೇಕಿದ್ದ ಸರಕಿಗೆ ಬೇಡಿಕೆ ಸಲ್ಲಿಸಿದ್ದ ನಮ್ಮ ಗ್ರಾಹಕರು ಜೂನ್ 9ರಂದು ಅದನ್ನು ಹಿಂದಕ್ಕೆ ಪಡೆದಿದ್ದಾರೆ. ಅವರ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇವೆ. ಬೇರೆ ಮಾರಾಟಗಾರರಿಂದ ಇದೇ ಸರಕನ್ನು ನಾವು ಕೊಳ್ಳುತ್ತಿಲ್ಲ. ಆದ್ದರಿಂದ ಈ ಆದೇಶವನ್ನು ರದ್ದುಪಡಿಸಲು ತಮ್ಮ ಸಮ್ಮತಿಯನ್ನು ಕೋರುತ್ತೇವೆ. ಇದರಿಂದ ತಮಗಾಗುವ ತೊಂದರೆಗೆ ವಿಷಾದಿಸುತ್ತೇವೆ.
>
> ಜೂನ್ 9ರಂದು ನಮ್ಮ ಸಂದೇಶ ತಲುಪುವವರೆಗೆ ಈ ಆದೇಶಕ್ಕಾಗಿಯೇ ತಾವು ಮಾಡಿದ ನಿಜವಾದ ವೆಚ್ಚವನ್ನು, ಬೇರೆ ಕೆಲಸಕ್ಕೆ ಬಳಸಬಹುದಾದ ಅಥವಾ ಮಾರಬಹುದಾದ ವಸ್ತುಗಳ ಬೆಲೆಯನ್ನು ಕಳೆದು, ಭರಿಸಲು ಸಿದ್ಧರಿದ್ದೇವೆ. ಈ ಮೊತ್ತವನ್ನು ಮುಂಗಡದಲ್ಲಿ ಮುರಿದುಕೊಂಡು ಉಳಿದದ್ದನ್ನು ಮರಳಿಸಬೇಕೆಂದು ಕೋರುತ್ತೇವೆ. ಖರ್ಚಿನ ಬಾಬುವಾರು ಪಟ್ಟಿಯನ್ನು ಬಿಲ್ಲುಗಳ ಪ್ರತಿಗಳೊಂದಿಗೆ ಜೂನ್ 18ರೊಳಗೆ ಕಳುಹಿಸಿದರೆ, ಪಟ್ಟಿ ಕೈಸೇರಿದ ಮೂರು ದಿನಗಳಲ್ಲಿ ಉತ್ತರಿಸುತ್ತೇವೆ.
>
> ಈ ಪ್ರಸ್ತಾವವು ಆದೇಶವನ್ನು ಪೂರ್ಣವಾಗಿ ಮತ್ತು ಅಂತಿಮವಾಗಿ ಇತ್ಯರ್ಥಪಡಿಸುವ ಉದ್ದೇಶದ್ದಾಗಿದ್ದು, ಇಬ್ಬರೂ ಲಿಖಿತವಾಗಿ ಒಪ್ಪಿದ ಮೇಲೆಯೇ ಜಾರಿಗೆ ಬರುತ್ತದೆ.
>
> ಇಂತಿ ತಮ್ಮ ವಿಶ್ವಾಸಿ,

‘ಬೇರೆ ಮಾರಾಟಗಾರರಿಂದ ಇದೇ ಸರಕನ್ನು ಕೊಳ್ಳುತ್ತಿಲ್ಲ’ ಎಂಬ ವಾಕ್ಯ ನಿಜವಾಗಿದ್ದರೆ ಮಾತ್ರ ಬರೆಯಿರಿ. ನಿಜವಾಗಿದ್ದಾಗ ಇಡೀ ಪತ್ರದಲ್ಲಿ ಹೆಚ್ಚು ಕೆಲಸ ಮಾಡುವ ವಾಕ್ಯ ಅದೇ. ಕೊನೆಯ ಸಾಲನ್ನೂ ಬಿಡಬೇಡಿ; ಮಾತುಕತೆ ಮುರಿದುಬಿದ್ದರೆ ನೀವು ಖರ್ಚು ಕೊಡಲು ಆಗಲೇ ಒಪ್ಪಿದ್ದಿರಿ ಎಂದು ಇದೇ ಪತ್ರವನ್ನು ತೋರಿಸಲು ಆ ಸಾಲಿನಿಂದಾಗಿ ಮಾರಾಟಗಾರರಿಗೆ ಸುಲಭವಾಗುವುದಿಲ್ಲ. ಪತ್ರವನ್ನು ಇಮೇಲ್‌ನಲ್ಲಿ ಕಳುಹಿಸಿ, ಸಹಿ ಮಾಡಿದ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಸೀತಿಯನ್ನು ಕಡತಕ್ಕೆ ಸೇರಿಸಿ.

## ಹಂತ 8: ಮಾರಾಟಗಾರರ ಲೆಕ್ಕವನ್ನು ಬಾಬುವಾರು ನೋಡುವುದು

ಜೂನ್ 16ರಂದು ಬಂದ ಪಟ್ಟಿಯಲ್ಲಿ ಸಿಲಿಂಡರಿಗೆ ₹33,000, ಪ್ರೂಫ್ ಮತ್ತು ಸಿದ್ಧತೆಗೆ ₹9,000, ಫಿಲ್ಮಿಗೆ ₹62,000, ಕಳೆದುಹೋದ ಲಾಭಕ್ಕೆ ₹25,000, ಕಚೇರಿ ಖರ್ಚಿಗೆ ₹10,000, ಒಟ್ಟು ₹1,39,000 ಎಂದಿದೆ. ಮುಂಗಡ ಹೋಗಿ ಇನ್ನೂ ₹39,000 ಕೊಡಿ ಎಂಬುದು ಅವರ ಕೇಳಿಕೆ. ಇಂಥ ಪಟ್ಟಿ ಕಂಡು ಗಾಬರಿಯಾಗಿ ‘ಒಟ್ಟಿನಲ್ಲಿ ಅರ್ಧ ಮಾಡಿ’ ಎಂದು ಚೌಕಾಸಿಗೆ ಇಳಿಯಬೇಡಿ. ಒಂದೊಂದು ಬಾಬಿನ ಸ್ವಭಾವವೂ ಬೇರೆ.

ಸಿಲಿಂಡರಿನ ₹33,000ವನ್ನು ಪೂರ್ತಿ ಒಪ್ಪಬೇಕು. ಕೆತ್ತನೆ ನಿಮ್ಮ ವಿನ್ಯಾಸದ್ದು, ಅದು ಅವರಿಗೆ ಬೇರೆ ಯಾವ ಕೆಲಸಕ್ಕೂ ಬಾರದು. ಆದರೆ ಹಣ ಕೊಟ್ಟ ಮೇಲೆ ಸಿಲಿಂಡರುಗಳು ನಿಮ್ಮವು ಎಂಬುದು ಬರಹದಲ್ಲಿ ಇರಬೇಕು. ಮುಂದೆ ಎಂದಾದರೂ ಅದೇ ಪೌಚು ಬೇಕಾದರೆ ಈ ಮೊತ್ತ ಮತ್ತೆ ಬೀಳುವುದಿಲ್ಲ. ಪ್ರೂಫಿನ ₹9,000ಕ್ಕೆ ಬಿಲ್ಲು ಇದ್ದರೆ ಅದೂ ನ್ಯಾಯವಾದದ್ದೇ.

ಫಿಲ್ಮಿನ ಬಾಬಿನಲ್ಲೇ ನಿಜವಾದ ಮಾತುಕತೆ ಇರುವುದು. ಪಾಲಿಎಸ್ಟರ್ ಮತ್ತು ಪಾಲಿಥಿನ್ ಫಿಲ್ಮ್ ಮುದ್ರಣವಾಗುವ ಮೊದಲು ಘಟಕದ ದಿನನಿತ್ಯದ ಕಚ್ಚಾಮಾಲು. ಸೀಳದ ರೋಲುಗಳು ಮುಂದಿನ ವಾರ ಬೇರೊಬ್ಬರ ಕೆಲಸಕ್ಕೆ ಹೋಗುತ್ತವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಕೆಲಸದ ಅಗಲಕ್ಕೆಂದೇ ಸೀಳಿದ ಭಾಗ ಎಷ್ಟು? ಇಲ್ಲಿ ಅದರ ಬೆಲೆ ₹18,000, ಬೇರೆ ಸಣ್ಣ ಕೆಲಸಕ್ಕೆ ಅಥವಾ ಗುಜರಿಗೆ ಹೋದರೆ ₹7,000 ಸಿಗುತ್ತದೆ ಎಂದು ಇಬ್ಬರೂ ಒಪ್ಪಿದರು, ಹಾಗಾಗಿ ನಷ್ಟ ₹11,000. ಬಿಲ್ಲುಗಳ ದಿನಾಂಕವನ್ನು ತಪ್ಪದೆ ನೋಡಿ. ಜೂನ್ 9ರ ನಂತರದ ಫಿಲ್ಮ್ ಬಿಲ್ಲು ಪಟ್ಟಿಯಲ್ಲಿದ್ದರೆ, ಅದನ್ನು ಅದಕ್ಕೂ ಮೊದಲೇ ರದ್ದುಮಾಡಲಾಗದಂತೆ ತರಿಸಲಾಗಿತ್ತೇ ಎಂದು ಕೇಳಿ. ಇಲ್ಲದಿದ್ದರೆ ಅದು ನಿಮ್ಮ ಹೊಣೆಯಲ್ಲ.

ಲಾಭದ ₹25,000ವನ್ನು ಮುಖ ಮುರಿದು ತಳ್ಳಿಹಾಕಬೇಡಿ. ಆ ದಿನಗಳ ಯಂತ್ರದ ಹೊತ್ತು ಬೇರೆ ಕೆಲಸಕ್ಕೆ ಹೋಯಿತೇ ಎಂದು ಕೇಳಿ. ಹೋಗಿದ್ದರೆ ನಷ್ಟ ಕಡಿಮೆಯಾಗಿದೆ ಎಂದು ವಾದಿಸಬಹುದು. ಕಚೇರಿ ಖರ್ಚಿಗೆ ಆಧಾರವಿಲ್ಲದಿದ್ದರೆ ಅದನ್ನು ಬಿಡಲು ಕೋರಿ. ನಮ್ಮ ಉದಾಹರಣೆಯಲ್ಲಿ ಈ ಎರಡೂ ಬಾಬುಗಳಿಗೆ ಸೇರಿಸಿ ₹7,000ಕ್ಕೆ ಒಪ್ಪಿಗೆಯಾಯಿತು. ಹಾಗೆ 33,000, 9,000, 11,000 ಮತ್ತು 7,000 ಸೇರಿ ₹60,000. ಮುಂಗಡದಲ್ಲಿ ಅದನ್ನು ಕಳೆದರೆ, ತೆರಿಗೆಯ ಲೆಕ್ಕಕ್ಕೆ ಮುಂಚೆ, ಮರಳಿ ಬರುವುದು ₹40,000.

## ಹಂತ 9: ಒಪ್ಪಂದವನ್ನು ಕಾಗದಕ್ಕೆ ಇಳಿಸಿ ಮುಗಿಸುವುದು

ದೂರವಾಣಿಯಲ್ಲಿ ‘ಆಯ್ತು, ಮುಗೀತು’ ಎಂದರೆ ಮುಗಿದಂತಲ್ಲ. ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ ಇಬ್ಬರೂ ಒಪ್ಪಿ ಕರಾರನ್ನು ರದ್ದುಪಡಿಸಿದರೆ ಮೂಲ ಕರಾರನ್ನು ನೆರವೇರಿಸಬೇಕಾಗಿಲ್ಲ; ಆ ಒಪ್ಪಿಗೆಗೆ ಸಾಕ್ಷಿ ಬೇಕು. ಇಬ್ಬರ ಸಹಿ ಇರುವ ಅರ್ಧ ಪುಟದ ಪತ್ರ ಸಾಕು. ಅದರಲ್ಲಿ ಆದೇಶ ಸಂಖ್ಯೆ, ಬಾಬುವಾರು ಮೊತ್ತ, ಮರಳಿಸುವ ಹಣ ಮತ್ತು ಅದರ ದಿನಾಂಕ, ಸಿಲಿಂಡರುಗಳು ಎಲ್ಲಿ ಎಷ್ಟು ಕಾಲ ಇರುತ್ತವೆ ಮತ್ತು ಯಾರ ಸ್ವತ್ತು ಎಂಬುದು, ಈ ಆದೇಶದ ಬಗ್ಗೆ ಇನ್ನು ಮುಂದೆ ಯಾರಿಗೂ ಯಾವ ಹಕ್ಕುಕೇಳಿಕೆ ಇಲ್ಲ ಎಂಬ ಮಾತು ಇರಬೇಕು. ಕೊನೆಯ ಮಾತು ಬಿಟ್ಟುಹೋದರೆ, ಬಿಟ್ಟುಕೊಟ್ಟ ಲಾಭದ ಬಾಬು ಆರು ತಿಂಗಳ ನಂತರ ನೋಟಿಸಿನ ರೂಪದಲ್ಲಿ ಮರಳಿ ಬರಬಹುದು.

ತೆರಿಗೆಯ ವಿಷಯದಲ್ಲಿ ಎರಡು ಕಡೆ ಎಡವುತ್ತಾರೆ. ಸಿಲಿಂಡರುಗಳು ನಿಮ್ಮ ಸ್ವತ್ತಾಗುವುದರಿಂದ ಅದು ಸರಕಿನ ಮಾರಾಟ. ಅದಕ್ಕೆ ಜಿಎಸ್‌ಟಿ ಸೇರಿದ ಬಿಲ್ಲು ಪಡೆಯಿರಿ, ಆ ತೆರಿಗೆಯಷ್ಟು ಮರಳುವ ಹಣ ಕಡಿಮೆಯಾಗುತ್ತದೆ, ನೀವು ನೋಂದಾಯಿತರಾಗಿದ್ದರೆ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವಂತೆ, ಅದನ್ನು ಪಡೆಯಬಹುದು. ಉಳಿದ ₹27,000ದ ಮೇಲೆ ತೆರಿಗೆ ಬರುತ್ತದೆಯೇ ಎಂಬುದು ಅದರ ಸ್ವರೂಪವನ್ನು ಅವಲಂಬಿಸುತ್ತದೆ. 2022ರ ಆಗಸ್ಟ್ 3ರ 178ನೇ ಜಿಎಸ್‌ಟಿ ಸುತ್ತೋಲೆಯು ಕರಾರು ಮುರಿದುದಕ್ಕೆ ಕೊಡುವ ನಷ್ಟಪರಿಹಾರವನ್ನೂ, ರದ್ದತಿಯ ಸೌಲಭ್ಯಕ್ಕಾಗಿ ವಿಧಿಸುವ ಶುಲ್ಕವನ್ನೂ ಬೇರೆಬೇರೆಯಾಗಿ ಕಾಣುತ್ತದೆ. ಆದ್ದರಿಂದ ಒಪ್ಪಂದದ ಪತ್ರದಲ್ಲಿ ‘ಶುಲ್ಕ’ ಎಂದು ಬರೆಯಬೇಕೋ ‘ಪರಿಹಾರ’ ಎಂದು ಬರೆಯಬೇಕೋ ಎಂಬುದನ್ನು ಸಹಿಗೆ ಮುಂಚೆ ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ ತೀರ್ಮಾನಿಸಿ. ಪೌಚಿಗೂ ಬಿಲ್ಲು ಆಗಿಹೋಗಿದ್ದರೆ ಅದಕ್ಕೆ ಕ್ರೆಡಿಟ್ ನೋಟ್ ಕೇಳಲೇಬೇಕು.

## ಉತ್ತರ ಬಾರದಿದ್ದರೆ, ಅಥವಾ ಸರಕೇ ಬಂದುಬಿಟ್ಟರೆ

ನಿಗದಿಪಡಿಸಿದ ದಿನ ದಾಟಿದರೆ ಒಂದು ನೆನಪೋಲೆ ಕಳುಹಿಸಿ, ಮೊದಲ ಪತ್ರದ ದಿನಾಂಕವನ್ನು ಅದರಲ್ಲಿ ನಮೂದಿಸಿ. ಮೌನವನ್ನು ಸಮ್ಮತಿ ಎಂದು ಎಣಿಸಬೇಡಿ. ಎರಡನೆಯ ಪತ್ರಕ್ಕೂ ಉತ್ತರವಿಲ್ಲದಿದ್ದರೆ, ಅಥವಾ ಮಾರಾಟಗಾರರು ಕೆಲಸ ಮುಂದುವರಿಸುವುದಾಗಿ ಹೇಳಿದರೆ, ಕಡತದೊಂದಿಗೆ ವಕೀಲರನ್ನು ಕಾಣುವ ಹೊತ್ತು ಅದು.

ತಡೆಹಿಡಿಯಲು ಕೋರಿದ ಮೇಲೂ ಸರಕನ್ನು ಲಾರಿಗೆ ಹಾಕಿದ ಸುಳಿವು ಸಾಮಾನ್ಯವಾಗಿ ಮೊದಲು ಸಿಗುವುದು ಇ-ವೇ ಬಿಲ್ಲಿನ ಸಂದೇಶದಲ್ಲಿ. ಅದನ್ನು ಕಡೆಗಣಿಸಬಾರದು. ವಿವರಗಳು ಪೋರ್ಟಲ್‌ನಲ್ಲಿ ಕಾಣಿಸಿದ 72 ಗಂಟೆಗಳೊಳಗೆ, ಅಥವಾ ಸರಕು ತಲುಪುವುದರೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ನೀವು ತಿರಸ್ಕರಿಸದಿದ್ದರೆ ಆ ವಿವರಗಳನ್ನು ಒಪ್ಪಿದಿರಿ ಎಂದು ನಿಯಮ ಭಾವಿಸುತ್ತದೆ. ಲಾರಿ ಬಾಗಿಲಿಗೆ ಬಂದರೆ ಗೋದಾಮಿನವರು ಅಭ್ಯಾಸಬಲದಿಂದ ಸಹಿ ಹಾಕಿ ಇಳಿಸಿಕೊಳ್ಳದಂತೆ ಅವರಿಗೆ ಮೊದಲೇ ಆದೇಶ ಸಂಖ್ಯೆಯನ್ನು ಬರೆದುಕೊಟ್ಟಿರಿ. ಹಾಗೂ ಇಳಿದುಬಿಟ್ಟರೆ, ಮಾರಾಟಗಾರರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ನೋಂದಾಯಿತರಾಗಿದ್ದಲ್ಲಿ 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಿ. ಸಲ್ಲಿಸದಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸರಕು ತಲುಪಿದ ದಿನವೇ ಅದನ್ನು ಸ್ವೀಕರಿಸಿದ ದಿನವೆಂದು ಎಣಿಕೆಯಾಗುತ್ತದೆ, ಹಣ ಪಾವತಿಯ ಗಡುವೂ ಅಲ್ಲಿಂದಲೇ ಓಡಲು ಶುರುವಾಗುತ್ತದೆ.